‘ಈ ಕೆಲಸ ಯಾಕೆ ಬಿಡ್ತಿದ್ದೀರಿ?’

ಸಂದರ್ಶನದಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರಿಗೆ ನಿಮ್ಮ ಹಳೆಯ ಮಾಲೀಕರ ಗುಣಾವಗುಣ ಬೇಕಿಲ್ಲ. ನಾಳೆ ನಮ್ಮನ್ನೂ ಬಿಟ್ಟು ಹೋಗಿ ಇನ್ನೊಂದು ಕಡೆ ಏನು ಹೇಳಿಯಾರು ಎಂಬುದೇ ಅವರ ಚಿಂತೆ.

ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಹುಡುಗಿ ಎಂದುಕೊಳ್ಳಿ. ಟ್ಯಾಲಿಯಲ್ಲಿ ಬಿಲ್ ಏರಿಸುವುದು, ತಿಂಗಳ ಜಿಎಸ್‌ಟಿ ರಿಟರ್ನ್ಸ್ ತುಂಬುವುದು, ಅಷ್ಟೇ ಕೆಲಸ. ಬ್ಯಾಲೆನ್ಸ್ ಶೀಟ್ ತಯಾರಾಗುವುದು ಹೊರಗಿನ ಆಡಿಟರ್ ಕಚೇರಿಯಲ್ಲಿ. ಕಲಿಯುತ್ತೇನೆಂದರೆ ಮಾಲೀಕರು ಗದರುತ್ತಾರೆ.

‘ಅಲ್ಲಿ ಬೆಳೆಯೋಕೇ ಬಿಡಲ್ಲ ಸರ್’ ಎಂದರೆ ಅದು ದೂರು. ‘ಜಿಎಸ್‌ಟಿ ಪೂರ್ತಿ ನಾನೇ ನೋಡ್ಕೋತಿದ್ದೀನಿ. ಬ್ಯಾಲೆನ್ಸ್ ಶೀಟ್ ತನಕ ಮಾಡೋದು ಕಲೀಬೇಕು, ನಿಮ್ಮಲ್ಲಿ ಆ ಕೆಲಸ ಇದೆ’ ಎಂದರೆ ಸತ್ಯಕ್ಕೇನೂ ಕುಂದಿಲ್ಲ, ಮಾತು ಮಾತ್ರ ಹೊಸ ಕೆಲಸದ ಕಡೆ ತಿರುಗಿತು.

‘ಅಲ್ಲೇ ಕೇಳಬಹುದಿತ್ತಲ್ಲ?’ ಎಂದು ಕೆದಕುತ್ತಾರೆ. ಹೆಚ್ಚಿನವರು ಬಾಯಿ ಬಿಡುವುದು ಇಲ್ಲೇ. ‘ಕೇಳಿದ್ದೆ ಸರ್, ಅದನ್ನ ಹೊರಗಿನ ಆಡಿಟರ್ ಮಾಡ್ತಾರೆ’ ಎಂದಷ್ಟೇ ಹೇಳಿ ಸುಮ್ಮನಾಗಬೇಕು. ಗದರಿದ ಕಥೆ ಬೇಡ.

ಹಾಗೆಂದು ಮನೆ ದೂರ, ಅಮ್ಮನಿಗೆ ಹುಷಾರಿಲ್ಲ ಎಂದು ಕಾರಣ ಕಟ್ಟುವುದೂ ತಪ್ಪೇ. ಹೊಸ ಕಂಪನಿಯವರು ಹಳೆಯ ಕಚೇರಿಗೆ ಫೋನ್ ಮಾಡಿ ವಿಚಾರಿಸುವುದುಂಟು. ರಾಜೀನಾಮೆ ಪತ್ರದಲ್ಲಿ ಕಾರಣ ಬರೆಯುವುದಾದರೆ ಇದನ್ನೇ ಬರೆಯಿರಿ.