ಗುಂಪು ಬಿಟ್ಟರೂ ಶುಲ್ಕ ನಿಲ್ಲದು

ಆನ್‌ಲೈನ್ ಕೋಚಿಂಗ್‌ನ ವಾಟ್ಸಾಪ್ ಗುಂಪಿನಿಂದ ಹೊರಬಂದರೆ ಸದಸ್ಯತ್ವ ಮುಗಿಯಿತೆಂದು ಬಹಳ ಜನ ನಂಬುತ್ತಾರೆ. ಆದರೆ ಹಣ ಕಡಿತವಾಗುವುದು ಸೇರುವಾಗ ನೀವು ಯುಪಿಐ ಪಿನ್ ಒತ್ತಿ ಕೊಟ್ಟ ಆಟೋಪೇ ಅನುಮತಿಯಿಂದ. ಆ್ಯಪ್ ಅಳಿಸಿದರೂ ಅದು ಹಾಗೆಯೇ ಉಳಿದಿರುತ್ತದೆ.

ತಿಂಗಳಿಗೆ 999 ರೂಪಾಯಿ, ಪ್ರತಿ 5ರಂದು ಕಡಿತ, ಬಿಡಲು ಏಳು ದಿನ ಮೊದಲೇ ತಿಳಿಸಬೇಕು ಎಂಬ ಷರತ್ತು ಇದೆ ಎನ್ನೋಣ. ಜೂನ್ ಶುಲ್ಕ ಬೇಡವಾದರೆ ಮೇ 29ರೊಳಗೆ ತಿಳಿಸಬೇಕು. ಕಡಿತಕ್ಕೆ ಕನಿಷ್ಠ 24 ಗಂಟೆ ಮುಂಚೆ ಬರುವ ಸೂಚನೆಗಾಗಿ ಕಾದರೆ ಆ ಗಡುವು ದಾಟಿರುತ್ತದೆ. ಮೇ 25ರ ಸುಮಾರಿಗೆ ಇಮೇಲ್ ಕಳಿಸಿ. ಫೋನಿನಲ್ಲಿ ಹೇಳಿದ್ದಕ್ಕೆ ಪುರಾವೆ ಇರುವುದಿಲ್ಲ. ಆಮೇಲೆ ಅನುಮತಿ ಕೊಟ್ಟ ಯುಪಿಐ ಆ್ಯಪ್‌ನಲ್ಲೇ ಆಟೋಪೇ ವಿಭಾಗ ತೆರೆದು ರದ್ದು ಮಾಡಿ. ‘ಪಾಸ್’ ಒತ್ತಿದರೆ ತಾತ್ಕಾಲಿಕ ತಡೆ ಮಾತ್ರ. ರದ್ದಾದ ಪರದೆಯ ಚಿತ್ರ ಉಳಿಸಿಕೊಳ್ಳಿ.

ಒಂದು ಎಚ್ಚರ ಬೇಕು. ವರ್ಷದ ಶುಲ್ಕವನ್ನೇ ಕಂತುಗಳಲ್ಲಿ ಕೊಡಲು ಒಪ್ಪಿದ್ದರೆ, ಆಟೋಪೇ ರದ್ದಾದ ಮಾತ್ರಕ್ಕೆ ಉಳಿದ ಕಂತುಗಳು ಮನ್ನಾ ಆಗುವುದಿಲ್ಲ. ಆ ಷರತ್ತನ್ನು ಮೊದಲು ಓದಿ.

ಸೇರಲು ಒಂದೇ ಗುಂಡಿ ಇಟ್ಟು, ಬಿಡುವ ದಾರಿಯನ್ನು ಬಚ್ಚಿಡುವುದು ಅನ್ಯಾಯ. 2023ರ ಕೇಂದ್ರದ ಮಾರ್ಗಸೂಚಿ ಇಂಥ ಚಂದಾ ಬಲೆಯನ್ನು ನಿಷೇಧಿಸಿದೆ. ಇಮೇಲ್‌ಗೆ ಉತ್ತರಿಸದೆ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಿ.