ಗೊಂಬೆ ಪಾರ್ಕಿನ ಎಂಟು ಮೂಲೆ

ಬಸವನಗುಡಿಯ ನಮ್ಮ ಮನೆಯಲ್ಲಿ ದಸರಾ ಗೊಂಬೆಗಳ ಪಕ್ಕ ಪ್ರತಿವರ್ಷ ರಾಗಿ ಪೈರಿನ ಪುಟ್ಟ ಪಾರ್ಕ್ ಇರಲೇಬೇಕು. ಈ ಸಲ ಎಂಟನೇ ಕ್ಲಾಸಿನ ಮಗಳ ಹಟ, ಕಬ್ಬನ್ ಪಾರ್ಕಿನ ಬ್ಯಾಂಡ್‌ಸ್ಟ್ಯಾಂಡ್ ಹಾಗೆ ಎಂಟು ಮೂಲೆಯ ಕಟ್ಟೆಯೂ ಬೇಕಂತೆ. ಹಬ್ಬಕ್ಕೆ ಎರಡೇ ದಿನ. ಉಳಿದಿದ್ದ ಮರದ ಪಟ್ಟಿಯನ್ನು ಒಂದೊಂದು ಅಡಿಯ ತುಂಡು ಮಾಡುತ್ತಾ, ಫೋಟೋ ಫ್ರೇಮಿಗೆ ಮಾಡುವಂತೆ ತುದಿಗಳನ್ನು 45 ಡಿಗ್ರಿಗೆ ಕತ್ತರಿಸಿದೆ. ನಾಲ್ಕು ತುಂಡಿಗೇ ಸುತ್ತು ಮುಗಿದು ಚೌಕ ಆಗಿಬಿಟ್ಟಿತು!

"ಅಮ್ಮ, ಮೊದಲು ಲೆಕ್ಕ ಹಾಕ್ಬೇಕಿತ್ತು" ಎಂದು ಮಗಳು ಪೇಪರ್ ತಂದಳು. ಎಂಟು ಮೂಲೆಯ ಚಿತ್ರ ಬರೆದು, ನಡುವಿನ ಚುಕ್ಕಿಯಿಂದ ಪ್ರತಿ ಮೂಲೆಗೂ ಗೆರೆ ಎಳೆದಳು. ಎಂಟು ತ್ರಿಕೋನ ಆಯಿತು. ಒಂದರ ಕೋನಗಳ ಮೊತ್ತ 180 ಡಿಗ್ರಿ, ಎಂಟರದ್ದು 1440. ಎಂಟರಿಂದ ಭಾಗಿಸಿದರೆ ಒಂದು ಮೂಲೆಗೆ 180!

"180 ಅಂದ್ರೆ ನೇರ ಗೆರೆ ಅಲ್ವೇನೇ? ಮೂಲೆ ಎಲ್ಲಿ?" ಅಂದೆ.

ತಪ್ಪು ಅಲ್ಲೇ ಸಿಕ್ಕಿತು. ನಡುವಿನ ಚುಕ್ಕಿಯ ಸುತ್ತಲಿನ 360 ಡಿಗ್ರಿಯೂ ಲೆಕ್ಕದಲ್ಲಿ ಸೇರಿಹೋಗಿತ್ತು. ಅದು ಕಟ್ಟೆಯ ಮೂಲೆಯದ್ದಲ್ಲ. ಕಳೆದರೆ 1080. ತಾಳೆ ನೋಡಲು ಅವಳು ಒಂದೇ ಮೂಲೆಯಿಂದ ಉಳಿದ ಮೂಲೆಗಳಿಗೆ ಗೆರೆ ಎಳೆದಳು. ಅಕ್ಕಪಕ್ಕದ ಎರಡಕ್ಕೆ ಹೊಸ ಗೆರೆ ಬೇಕಿಲ್ಲ, ಹಾಗಾಗಿ ಐದು ಗೆರೆ, ಆರು ತ್ರಿಕೋನ. ಆರು ಸಲ 180 ಅಂದರೆ ಮತ್ತೆ 1080. ಒಳಕ್ಕೆ ತಗ್ಗಿದ ಮೂಲೆಯಿಲ್ಲದ ಯಾವ ಬಹುಭುಜಾಕೃತಿಗಾದರೂ ಹೀಗೆಯೇ: ಬಾಹುಗಳ ಸಂಖ್ಯೆಯಲ್ಲಿ ಎರಡು ಕಳೆದು 180ರಿಂದ ಗುಣಿಸಿದರೆ ಒಳಕೋನಗಳ ಮೊತ್ತ.

(n − 2) × 180°

ಈ ಮೊತ್ತಕ್ಕೆ ಬಾಹುಗಳು ಸಮ ಇರಬೇಕೆಂದೇನಿಲ್ಲ. ಆದರೆ ಒಂದೊಂದು ಕೋನ ಎಷ್ಟೆಂದು ಭಾಗಿಸುವುದು ಕೋನಗಳೆಲ್ಲ ಸಮ ಇದ್ದಾಗ ಮಾತ್ರ. ನಮ್ಮದು ಬಾಹು, ಕೋನ ಎರಡೂ ಸಮ ಇರುವ ನಿಯಮಿತ ಅಷ್ಟಭುಜ. 1080ನ್ನು ಎಂಟರಿಂದ ಭಾಗಿಸಿದರೆ ಪ್ರತಿ ಮೂಲೆ 135 ಡಿಗ್ರಿ. ಒಂದು ಮೂಲೆಯಲ್ಲಿ ಎರಡು ತುಂಡು ಕೂಡುವುದರಿಂದ ಪ್ರತಿ ತುದಿಯ ಕಡಿತ ಅದರ ಅರ್ಧ, 67.5 ಡಿಗ್ರಿ. ಕೋನಮಾಪಕದಲ್ಲಿ 67 ಮತ್ತು 68ರ ಸರಿ ನಡುವೆ.

ಅರ್ಧ ಡಿಗ್ರಿಗೆ ಇಷ್ಟು ತಲೆಕೆಡಿಸಿಕೊಳ್ಳಬೇಕಾ? ಬೇಕು. ಕಟ್ಟೆಗೆ ಹದಿನಾರು ಕಡಿತ. ಪ್ರತಿಯೊಂದರಲ್ಲೂ ಒಂದೇ ಕಡೆಗೆ ಒಂದು ಡಿಗ್ರಿ ತಪ್ಪಿದರೆ ಒಟ್ಟು 16 ಡಿಗ್ರಿ ವ್ಯತ್ಯಾಸವೆಲ್ಲ ಕೊನೆಯ ಮೂಲೆಗೇ ಬಂದು ಕೂರುತ್ತದೆ. ಕೋನ ಸರಿಯಿದ್ದು ಒಂದು ತುಂಡು ಮಾತ್ರ ಗಿಡ್ಡವಾದರೂ ಸುತ್ತು ಮುಚ್ಚುವುದಿಲ್ಲ. ಹಾಗಾಗಿ ಮೊದಲು ರಟ್ಟಿನಲ್ಲಿ ಒಂದು ಅಚ್ಚು ಕತ್ತರಿಸಿ, ಅದನ್ನೇ ಇಟ್ಟು ಎಲ್ಲ ತುಂಡಿಗೂ ಗುರುತು ಹಾಕಿದೆವು. ಅಂಟು ಹಾಕುವ ಮೊದಲು ನೆಲದ ಮೇಲೆ ಜೋಡಿಸಿ ನೋಡಿದೆವು.

ಎಂಟನೆಯ ತುಂಡು ಮೊದಲನೆಯದಕ್ಕೆ ಸಂದಿಲ್ಲದೆ ತಾಗಿತು. ಮೊದಲು ಹಾಳಾದ ನಾಲ್ಕು ತುಂಡು? ಅದೇ ಚೌಕಕ್ಕೆ ತಳ ಹೊಡೆದು ಪಾರ್ಕಿನ ಕೊಳ ಮಾಡಿದೆವು.