ಸ್ವಲ್ಪ ಬೆಳ್ಳಗೆ ಮಾಡಿ ಕೊಡಿ

ಮದುವೆಗೆ ಕಳಿಸುವ ಫೋಟೊ ತಿದ್ದುವ ಚಾಳಿ ಮೊಬೈಲ್ ಬಂದಮೇಲೆ ಹುಟ್ಟಿದ್ದಲ್ಲ. ಫಿಲ್ಮ್ ಕಾಲದ ಸ್ಟುಡಿಯೊಗಳಲ್ಲಿ ಟಚಿಂಗ್ ಮಾಡುವವರು ಅಂತಲೇ ಒಬ್ಬರಿರುತ್ತಿದ್ದರು. ಹಿಂದಿನಿಂದ ಬೆಳಕು ಬೀಳುವ ಗಾಜಿನ ಮೇಲೆ ನೆಗೆಟಿವ್ ಇಟ್ಟು, ಚೂಪಾಗಿ ಹೆರೆದ ಪೆನ್ಸಿಲ್ಲಿನಿಂದ ಅದರ ಮೇಲೆ ಸಣ್ಣ ಸಣ್ಣ ಗೀರು ಎಳೆಯುವುದು ಅವರ ಕೆಲಸ. ನೆಗೆಟಿವ್‌ನಲ್ಲಿ ಕಪ್ಪಾಗಿದ್ದದ್ದು ಪ್ರಿಂಟಿನಲ್ಲಿ ಬಿಳಿ. ಹಾಗಾಗಿ ಮೊಡವೆ ಕಲೆಯ ಜಾಗದಲ್ಲಷ್ಟೇ ಪೆನ್ಸಿಲ್ ಆಡಿಸಿದರೆ ಕಲೆ ಮಾಯ, ಇಡೀ ಕೆನ್ನೆಯ ಮೇಲೆ ಆಡಿಸಿದರೆ ಹುಡುಗಿಯ ಬಣ್ಣವೇ ಒಂದು ಮೆಟ್ಟಿಲು ಮೇಲೆ. ಕಣ್ಣು ಸುಡುವ ಕೆಲಸವಾದ್ದರಿಂದ ಯಾರೂ ಅತಿಯಾಗಿ ಮಾಡುತ್ತಿರಲಿಲ್ಲ. ಈಗ ಅಷ್ಟೂ ಕೆಲಸ ಬೆರಳು ಒಮ್ಮೆ ಸರಿಸಿದರೆ ಮುಗಿಯುತ್ತದೆ. ಎಷ್ಟೋ ಫೋನುಗಳಲ್ಲಿ ಸರಿಸುವುದೂ ಬೇಡ, ಸೆಲ್ಫಿ ಕ್ಯಾಮೆರಾ ತೆರೆದ ಕೂಡಲೇ ಬ್ಯೂಟಿ ಮೋಡ್ ತಾನಾಗಿ ಮುಖ ನುಣ್ಣಗೆ ಮಾಡಿರುತ್ತದೆ.

ಹಾಗಿದ್ದರೆ ಎಲ್ಲಿಯವರೆಗೆ ತಿದ್ದಿದರೆ ಸರಿ? ‘ನ್ಯಾಚುರಲ್ ಆಗಿರಲಿ’ ಎನ್ನುವ ಉತ್ತರದಿಂದ ಪ್ರಯೋಜನವಿಲ್ಲ, ಏಕೆಂದರೆ ತಿದ್ದಿದವರಿಗೆಲ್ಲ ತಮ್ಮದು ನ್ಯಾಚುರಲ್ ಅಂತಲೇ ಕಾಣುತ್ತದೆ. ನಾನು ನೋಡುವುದು ಎರಡೇ ವಿಷಯ. ತಿದ್ದುಪಡಿ ಇಡೀ ಚಿತ್ರಕ್ಕೆ ಆಗಿದೆಯೋ, ಮುಖವನ್ನಷ್ಟೇ ಸುತ್ತುಹಾಕಿ ಆಗಿದೆಯೋ? ತೆಗೆದುಹಾಕಿದ್ದು ಇನ್ನು ಹದಿನೈದು ದಿನದಲ್ಲಿ ತಾನೇ ಹೋಗುವಂಥದ್ದೋ, ಹುಡುಗ ಹುಡುಗಿ ಎದುರುಬದುರು ಕೂತಾಗಲೂ ಇರುವಂಥದ್ದೋ?

ಒಂದು ಫೋಟೊ ಇಟ್ಟುಕೊಂಡೇ ನೋಡೋಣ. ಸಂಜೆ ಏಳು ಗಂಟೆ, ಮನೆಯ ಹಾಲ್. ಹುಡುಗಿ ಹಸಿರು ರೇಷ್ಮೆ ಸೀರೆ ಉಟ್ಟು ಸುಣ್ಣ ಬಳಿದ ಗೋಡೆಗೆ ಬೆನ್ನು ಮಾಡಿ ನಿಂತಿದ್ದಾಳೆ. ಒಂದು ಕಡೆ ಹಳದಿ ಬಲ್ಬು. ತಂಗಿ ಫೋನಿನಲ್ಲಿ ತೆಗೆದ ಚಿತ್ರದಲ್ಲಿ ಹುಡುಗಿಯ ಎಣ್ಣೆಗೆಂಪು ಮೈಬಣ್ಣ ಅರಿಶಿನ ಬೆರೆತ ಕಂದಾಗಿ ಬಂದಿದೆ, ಕಣ್ಣಿನ ಕೆಳಗೆ ನೆರಳು, ಗಲ್ಲದ ಮೇಲೆ ಎರಡು ಮೊಡವೆ, ತುಟಿಯ ಮೇಲೆ ಎಡಕ್ಕೊಂದು ಮಚ್ಚೆ. ಇದನ್ನು ಹಾಗೇ ಕಳಿಸಿದರೆ ಅದೂ ಸುಳ್ಳೇ. ಆ ಅರಿಶಿನ ಬಣ್ಣ ಅವಳದ್ದಲ್ಲ, ಬಲ್ಬಿನದ್ದು.

ಮೊದಲು ಬೆಳಕಿನ ಬಣ್ಣ ಸರಿಪಡಿಸಬೇಕು. ಸ್ನ್ಯಾಪ್‌ಸೀಡ್‌ನಂಥ ಆ್ಯಪ್‌ಗಳಲ್ಲಿ ವೈಟ್ ಬ್ಯಾಲೆನ್ಸ್ ಎಂಬ ಆಯ್ಕೆಯಿದೆ, ಅದರಲ್ಲೊಂದು ಡ್ರಾಪರ್ ಗುರುತು. ಅದನ್ನು ಚಿತ್ರದಲ್ಲಿ ನಿಜವಾಗಿ ಬಿಳಿ ಅಥವಾ ಬೂದು ಇರುವ ಜಾಗದ ಮೇಲೆ, ಇಲ್ಲಿ ಸುಣ್ಣದ ಗೋಡೆಯ ಮೇಲೆ, ಇಟ್ಟರೆ ಗೋಡೆ ಬೆಳ್ಳಗಾಗುತ್ತದೆ. ಜೊತೆಗೆ ಸೀರೆಯ ಹಸಿರು, ಬಳೆಯ ಚಿನ್ನ, ಮುಖ, ಕೈ ಎಲ್ಲವೂ ಒಟ್ಟಿಗೆ ತಮ್ಮ ಬಣ್ಣಕ್ಕೆ ಮರಳುತ್ತವೆ. ಬಿಳಿ ಗೋಡೆ ಸಿಗದಿದ್ದರೆ ಮೊದಲ ಚಿತ್ರಕ್ಕೆ ಕೈಯಲ್ಲೊಂದು ಬಿಳಿ ಹಾಳೆ ಹಿಡಿಸಿ, ಎಷ್ಟು ತಿದ್ದಬೇಕಾಯಿತೆಂದು ನೋಡಿಕೊಂಡು, ಮಿಕ್ಕ ಚಿತ್ರಗಳಿಗೂ ಅಷ್ಟನ್ನೇ ಹಾಕಬಹುದು. ಆಮೇಲೆ ನೆರಳನ್ನು ಇಡೀ ಚಿತ್ರದಲ್ಲಿ ಸ್ವಲ್ಪ ಎತ್ತಿದರೆ ಕಣ್ಣು ಕಾಣುತ್ತದೆ. ಎರಡು ಮೊಡವೆ ತೆಗೆದರೆ ತಪ್ಪಿಲ್ಲ, ಅವು ಗಂಡಿನ ಕಡೆಯವರು ಬರುವ ಹೊತ್ತಿಗೆ ಇರುವುದಿಲ್ಲ. ಮಚ್ಚೆ ಇರುತ್ತದೆ. ಅದನ್ನು ಮುಟ್ಟಬಾರದು.

ಇಷ್ಟಕ್ಕೆ ಕೆಲಸ ಮುಗಿದಿರುತ್ತದೆ. ಆದರೆ ಇಷ್ಟಕ್ಕೆ ಮುಗಿಯುವ ಮನೆ ಅಪರೂಪ. ಹಿಂದೆ ನಿಂತು ನೋಡುತ್ತಿದ್ದ ತಂದೆಯೋ ಚಿಕ್ಕಪ್ಪನೋ ‘ಸ್ವಲ್ಪ ಬೆಳ್ಳಗೆ ಮಾಡಮ್ಮ’ ಅನ್ನುತ್ತಾರೆ. ತಂಗಿ ಮುಖವನ್ನಷ್ಟೇ ಆರಿಸಿ ಬೆಳಕು ಹೆಚ್ಚಿಸುತ್ತಾಳೆ. ಈಗ ಕತ್ತು ಮುಖಕ್ಕೆ ಹೊಂದುವುದಿಲ್ಲ, ಅದನ್ನೂ ಬಿಳಿ ಮಾಡಬೇಕು. ಕಿವಿ ಮರೆತೇ ಹೋಗುತ್ತದೆ. ಕೈಯನ್ನು ಬಿಳಿ ಮಾಡಹೋದರೆ ಬಳೆಯ ಚಿನ್ನ ಹಿತ್ತಾಳೆಗೂ ಕಡೆಯಾಗುತ್ತದೆ. ಕಡೆಗೆ ಮುಖದ ಚರ್ಮ ನುಣುಪಾಗಿಸುವ ಸ್ಲೈಡರ್ ಎಳೆದಾಗ ನಕ್ಕರೆ ಕೆನ್ನೆಯ ಪಕ್ಕ ಬೀಳುವ ಗೆರೆ ಅಳಿದು, ನಗು ಮಾತ್ರ ತುಟಿಯಲ್ಲಿ ಉಳಿಯುತ್ತದೆ. ನೋಡಬಲ್ಲವರಿಗೆ ಈ ಫೋಟೊದ ಕಥೆ ಹೇಳಲು ಮುಖ ಬೇಕಿಲ್ಲ: ಮುಂಗೈ, ಕಿವಿಯ ಹಾಲೆ, ಅಂಚು ಕದಡಿದ ಬೊಟ್ಟು ಸಾಕು. ಗಲ್ಲ ಕಿರಿದು ಮಾಡಿದ್ದರೆ ಹಿಂದಿನ ಬಾಗಿಲ ಚೌಕಟ್ಟು ಆ ಜಾಗದಲ್ಲಿ ಒಳಕ್ಕೆ ಬಾಗಿರುತ್ತದೆ. ಆ್ಯಪ್ ಮುಖವನ್ನು ಎಳೆಯುವಾಗ ಪಕ್ಕದ ಗೋಡೆಯನ್ನೂ ಕೂಡಿಸಿಕೊಂಡೇ ಎಳೆಯುತ್ತದೆ.

ಬಣ್ಣದ ಈ ಬೇಡಿಕೆಯನ್ನು ಆ್ಯಪ್‌ಗಳು ಹುಟ್ಟಿಸಲಿಲ್ಲ. ಶಾದಿ ಡಾಟ್ ಕಾಮ್ ತನ್ನ ತಾಣದಲ್ಲಿ ಮೈಬಣ್ಣದ ಪ್ರಕಾರ ಜೋಡಿ ಹುಡುಕುವ ಫಿಲ್ಟರ್ ತೆಗೆದುಹಾಕಿದ್ದು 2020ರ ಜೂನ್‌ನಲ್ಲಿ, ಅದೂ ಬಳಕೆದಾರರು ಆಕ್ಷೇಪಿಸಿ ಆನ್‌ಲೈನ್ ಮನವಿ ಶುರುವಾದ ಮೇಲೆ. ಫಿಲ್ಟರ್ ಹೋಯಿತು, ಹುಡುಗಿ ನೋಡಲು ಬರುವವರ ಕಣ್ಣು ಹಾಗೇ ಇದೆ. ಇದಕ್ಕೇ ‘ಬಣ್ಣ ನೋಡಿ ಬೇಡ ಅನ್ನುವವರಿಗೆ ನಾವ್ಯಾಕೆ ಸತ್ಯ ಹೇಳಬೇಕು’ ಎಂದು ವಾದಿಸುವವರಿದ್ದಾರೆ. ಆ ವಾದದಲ್ಲಿರುವ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಲೆಕ್ಕ ತಪ್ಪು. ಬೆಳ್ಳಗಿನ ಫೋಟೊ ಆರಿಸಿ ತರುವುದು ಬಣ್ಣಕ್ಕೆ ಬೆಲೆ ಕೊಡುವ ಮನೆಯವರನ್ನೇ. ಅವರು ಉಪ್ಪಿಟ್ಟು, ಕೇಸರಿಬಾತು ತಿನ್ನುತ್ತಾ ಫೋಟೊವನ್ನೂ ಎದುರಿಗಿರುವವಳನ್ನೂ ಹೋಲಿಸುತ್ತಾರೆ, ಸೋಲುವವಳು ಅವಳೇ. ಫೋಟೊ ಬಿಳಿ ಮಾಡಿಸಿದವರು ಯಾರೇ ಇರಲಿ, ‘ಫೋಟೊದಲ್ಲಿ ಬೇರೆ ಥರ ಇದ್ರಲ್ಲ’ ಎಂಬ ಮಾತು ಕೇಳಬೇಕಾದವಳು ಅವಳು. ಎಷ್ಟೋ ಸಲ ತಿದ್ದುವ ಮೊದಲು ಅವಳನ್ನು ಯಾರೂ ಕೇಳಿಯೂ ಇರುವುದಿಲ್ಲ.

ಮೂಗಿನ ವಿಷಯ ಬೇರೆ. ಅಲ್ಲಿ ಮೊದಲ ತಪ್ಪು ಕ್ಯಾಮೆರಾದ್ದೇ. ಫೋನನ್ನು ಮುಖದ ಹತ್ತಿರ ಹಿಡಿದಾಗ ಮೂಗು ಕಿವಿಗಿಂತ ಲೆನ್ಸಿಗೆ ಬಹಳ ಹತ್ತಿರವಿರುತ್ತದೆ, ಅದಕ್ಕೇ ದೊಡ್ಡದಾಗಿ ಕಾಣುತ್ತದೆ. 2018ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಲೆಕ್ಕಾಚಾರದ ಪ್ರಕಾರ, ಐದು ಅಡಿ ದೂರದಿಂದ ತೆಗೆದ ಚಿತ್ರಕ್ಕಿಂತ ಒಂದು ಅಡಿಯಿಂದ ತೆಗೆದ ಸೆಲ್ಫಿಯಲ್ಲಿ ಮೂಗು ಸುಮಾರು ಶೇ 30ರಷ್ಟು ಅಗಲವಾಗಿ ಕಾಣುತ್ತದೆ. ಈ ಉಬ್ಬಿದ ಮೂಗು ನೋಡಿ ಬೇಸರವಾಗಿಯೇ ಹಲವರು ಅದನ್ನು ಕಿರಿದು ಮಾಡಹೋಗಿ, ಕಡೆಗೆ ಬೇರೆ ಯಾರದೋ ಮೂಗು ತಂದು ನಿಲ್ಲಿಸುತ್ತಾರೆ. ಫೋನನ್ನು ಇನ್ನೊಬ್ಬರ ಕೈಗೆ ಕೊಟ್ಟು, ಐದಾರು ಅಡಿ ಹಿಂದೆ ನಿಲ್ಲಿಸಿ, 2x ಒತ್ತಿ ತೆಗೆಸಿದರೆ ಮೂಗು ತನ್ನ ಅಳತೆಗೆ ಬರುತ್ತದೆ. ಬೆಳಗಿನ ಹೊತ್ತು, ನೇರ ಬಿಸಿಲು ಬೀಳದ ಕಿಟಕಿಯ ಕಡೆ ಮುಖ ಮಾಡಿ ನಿಂತರೆ ಕಣ್ಣ ಕೆಳಗಿನ ನೆರಳೂ ಅರ್ಧ ಹೋಗಿರುತ್ತದೆ. ತಿದ್ದಲು ಹೆಚ್ಚೇನೂ ಉಳಿಯುವುದಿಲ್ಲ.

ಸೆಲ್ಫಿಯ ಇನ್ನೊಂದು ಕುಚೋದ್ಯವಿದೆ. ಕೆಲವು ಫೋನುಗಳು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿಯೇ ಚಿತ್ರ ಉಳಿಸುತ್ತವೆ. ಎಡಗಡೆಯ ಮಚ್ಚೆ ಬಲಕ್ಕೆ ಹೋಗುತ್ತದೆ, ಎಡಗಡೆಯ ಬೈತಲೆಯೂ ಬಲಕ್ಕೆ. ಸೀರೆಯಾದರೆ ಥಟ್ಟನೆ ಗೊತ್ತಾಗುತ್ತದೆ: ಎಡ ಹೆಗಲ ಮೇಲಿರಬೇಕಾದ ಸೆರಗು ಬಲ ಹೆಗಲ ಮೇಲಿರುತ್ತದೆ. (ಕೊಡವರ ಸೀರೆಗೆ ಈ ಪರೀಕ್ಷೆ ನಡೆಯುವುದಿಲ್ಲ, ಅಲ್ಲಿ ಸೆರಗು ಬಲ ಹೆಗಲಿಗೇ ಬರುತ್ತದೆ.) ಇದು ಮೋಸವಲ್ಲ, ಆದರೂ ತಿರುಗಿಸಿ ಸರಿಮಾಡಿ ಕಳಿಸುವುದೇ ಚೆಂದ.

ಗಂಡುಗಳ ಸುಳ್ಳು ಬಹುಪಾಲು ಆ್ಯಪ್ ಇಲ್ಲದೆಯೇ ನಡೆಯುತ್ತದೆ. ಐದು ವರ್ಷದ ಹಿಂದೆ, ತಲೆತುಂಬ ಕೂದಲಿದ್ದಾಗ, ಗೆಳೆಯನ ಮದುವೆಯಲ್ಲಿ ತೆಗೆದ ಫೋಟೊ. ಅದರಲ್ಲಿ ಒಂದು ಚುಕ್ಕೆಯನ್ನೂ ತಿದ್ದಿರುವುದಿಲ್ಲ, ಆದರೂ ಅದು ಪೂರಾ ಸುಳ್ಳು. ಟೋಪಿ ಹಾಕಿಕೊಂಡ ಟ್ರೆಕ್ಕಿಂಗ್ ಚಿತ್ರಗಳನ್ನಷ್ಟೇ ಕಳಿಸುವುದೂ ಇದೇ ಜಾತಿಯದು. ಫೋಟೊ ತೆಗೆದ ತಿಂಗಳು, ವರ್ಷ ಬಯೋಡೇಟಾದಲ್ಲಿ ಬರೆಯುವ ಪದ್ಧತಿ ಬಂದರೆ ಅರ್ಧ ತಕರಾರು ಅಲ್ಲೇ ತೀರುತ್ತದೆ. ಮುಖದ ಹತ್ತಿರದ ಒಂದು, ಬಾಗಿಲ ಪಕ್ಕ ನೆಟ್ಟಗೆ ನಿಂತ ಒಂದು, ಎರಡೂ ಈ ವರ್ಷದ್ದಾಗಿದ್ದರೆ ಸಾಕು. ಬಾಗಿಲಿದ್ದರೆ ಎತ್ತರದ ಅಂದಾಜೂ ಸಿಗುತ್ತದೆ.

ಇತ್ತೀಚೆಗೆ ನಾಲ್ಕಾರು ಸೆಲ್ಫಿ ಕೊಟ್ಟರೆ ಸೂಟು ತೊಡಿಸಿ, ಕಾಂಜೀವರಂ ಉಡಿಸಿ, ಸ್ಟುಡಿಯೊ ಬೆಳಕಿನಲ್ಲಿ ನಿಲ್ಲಿಸಿ ಕೊಡುವ ಎಐ ಆ್ಯಪ್‌ಗಳು ಬಂದಿವೆ. ಇಲ್ಲಿ ‘ಎಷ್ಟು ತಿದ್ದಿದ್ದು’ ಎಂಬ ಪ್ರಶ್ನೆಯೇ ಏಳುವುದಿಲ್ಲ. ಅಂಥ ಚಿತ್ರದಲ್ಲಿರುವ ಕ್ಷಣ ನಡೆದೇ ಇಲ್ಲ, ಮುಖವನ್ನೂ ಯಂತ್ರ ಹೊಸದಾಗಿ ಬರೆದಿರುತ್ತದೆ. ಎರಡು ಕಿವಿಯ ಜುಮುಕಿ ಬೇರೆ ಬೇರೆಯಾಗಿರುವುದು, ಸೀರೆಯ ಅಂಚು ನೆರಿಗೆಯಲ್ಲಿ ಕಾಣೆಯಾಗುವುದು, ಹಣೆಯ ಹಳೇ ಗಾಯದ ಗುರುತು ಇಲ್ಲವಾಗುವುದು ಇವೆಲ್ಲ ಅದರ ಸುಳಿವು. ಮದುವೆಯ ಮಾತಿಗೆ ಇದನ್ನು ಕಳಿಸಲೇಬಾರದು ಎನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ.

ತೊನ್ನು, ಸುಟ್ಟ ಗಾಯದ ಕಲೆ ಇಂಥವುಗಳಲ್ಲಿ ಮಾತ್ರ ಸ್ವಲ್ಪ ತಡೆದು ಯೋಚಿಸಬೇಕು. ಊರಿಗೆಲ್ಲ ಕಾಣುವ ತಾಣದಲ್ಲಿ, ಬ್ರೋಕರ್‌ಗಳ ವಾಟ್ಸ್ಆ್ಯಪ್ ಗುಂಪುಗಳಲ್ಲಿ ತಮ್ಮ ದೇಹದ ವಿವರವನ್ನೆಲ್ಲ ಹಾಕುವ ಹೊಣೆ ಯಾರ ಮೇಲೂ ಇಲ್ಲ. ತುಂಬುತೋಳಿನ ರವಿಕೆ ತೊಟ್ಟು ಫೋಟೊ ತೆಗೆಸಿಕೊಳ್ಳುವುದು ಅವರವರ ಹಕ್ಕು. ಆದರೆ ಮುಖದ ಮೇಲಿರುವುದನ್ನು ಚಿತ್ರದಲ್ಲಿ ಅಳಿಸಬಾರದು. ಬಟ್ಟೆಯಲ್ಲಿ ಮರೆಯಾದದ್ದನ್ನು ಎರಡು ಮನೆಯವರು ಮಾತಾಡಲು ಶುರುಮಾಡಿದ ಮೊದಲ ಫೋನಿನಲ್ಲೇ, ಭೇಟಿಗೆ ದಿನ ಗೊತ್ತುಮಾಡುವ ಮೊದಲೇ ಹೇಳಬೇಕು.

ಕಾನೂನಿಗೆ ಹೋದರೆ? 1955ರ ಹಿಂದೂ ವಿವಾಹ ಕಾಯ್ದೆಯ 12ನೇ ಸೆಕ್ಷನ್ನಿನಲ್ಲಿ, ಎದುರು ಪಕ್ಷದವರ ಬಗೆಗಿನ ಮುಖ್ಯ ಸಂಗತಿಯೊಂದರಲ್ಲಿ ವಂಚಿಸಿ ಒಪ್ಪಿಗೆ ಪಡೆದಿದ್ದರೆ ಮದುವೆ ರದ್ದು ಕೋರಲು ಅವಕಾಶವಿದೆ. ವಂಚನೆ ಗೊತ್ತಾದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು, ಗೊತ್ತಾದ ಮೇಲೂ ಒಪ್ಪಿ ಸಂಸಾರ ಮಾಡಿದ್ದರೆ ಆ ದಾರಿ ಮುಚ್ಚಿದಂತೆ. ಆದರೆ ಎದುರಿಗೆ ಕೂತು ನೋಡಿ, ಒಪ್ಪಿ, ತಾಳಿ ಕಟ್ಟಿದ ಮೇಲೆ ‘ಫೋಟೊದಲ್ಲಿ ಬೆಳ್ಳಗಿದ್ದಳು’ ಎಂದು ವಾದಿಸಿ ಗೆಲ್ಲುವುದು ಕಷ್ಟವೆಂದೇ ತೋರುತ್ತದೆ. ಫೋಟೊದ ಸುಳ್ಳು ಸಾಮಾನ್ಯವಾಗಿ ಕೋರ್ಟಿನವರೆಗೆ ಹೋಗುವುದೂ ಇಲ್ಲ, ಹುಡುಗಿಯ ಮನೆಯ ಹಾಲ್‌ನಲ್ಲೇ ಬಯಲಾಗುತ್ತದೆ.

ಅದಕ್ಕಾಗಿಯೇ ಭೇಟಿಗೆ ಮುಂಚೆ ಹತ್ತು ನಿಮಿಷದ ವಿಡಿಯೊ ಕಾಲ್ ಒಳ್ಳೆಯದು. ‘ನಿಮ್ಮ ಫೋಟೊ ಎಡಿಟ್ ಮಾಡಿದ್ದಾ’ ಎಂದು ಕೇಳಿ ಮುಜುಗರ ಮಾಡುವ ಬದಲು ‘ನಾವೂ ಮುಖ ತೋರಿಸ್ತೇವೆ, ನೀವೂ ಬನ್ನಿ’ ಎಂದು ಕರೆದರಾಯಿತು. ವಾಟ್ಸ್ಆ್ಯಪ್ ಕರೆಗಳಿಗೂ 2024ರಿಂದ ಫಿಲ್ಟರ್, ಟಚ್ ಅಪ್ ಬಂದಿವೆ, ನಿಮ್ಮ ಕಡೆ ಅದು ಆಫ್ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಈಗಾಗಲೇ ಬಿಳಿ ಮಾಡಿದ ಫೋಟೊ ಕಳಿಸಿ ಆಗಿದ್ದರೆ ತಾಣದಲ್ಲಿ ಬದಲಿಸುವುದು ಎರಡು ನಿಮಿಷದ ಕೆಲಸ. ಬ್ರೋಕರ್‌ಗಳ ಕೈಗೆ ಹೋದದ್ದು ಗುಂಪಿನಿಂದ ಗುಂಪಿಗೆ ಓಡಿರುತ್ತದೆ, ಅದನ್ನು ಹಿಂದಕ್ಕೆ ಕರೆಯಲಾಗದು. ಹೊಸ ಚಿತ್ರ ಕಳಿಸಿ, ‘ಇನ್ನು ಮುಂದೆ ಇದನ್ನೇ ತೋರಿಸಿ, ಹಳೇದು ಡಿಲೀಟ್ ಮಾಡಿ’ ಎಂದು ಒಬ್ಬೊಬ್ಬರಿಗೂ ಫೋನ್ ಮಾಡಿಯೇ ಹೇಳಬೇಕು. ಮಾತುಕತೆ ನಡೆಯುತ್ತಿರುವ ಮನೆಯಿದ್ದರೆ ಅವರಿಗೂ ಅದೇ ದಿನ ಕಳಿಸಿಬಿಡಿ. ‘ಇದು ಕಳೆದ ವಾರ ತೆಗೆದದ್ದು, ಹೀಗೇ ಇದ್ದಾಳೆ’ ಎಂಬ ಒಂದು ಸಾಲು ಜೊತೆಗಿದ್ದರೆ ಸಾಕು.